ಪದಚರ್ಚೆ: ಹೋಲ್‌ಸೇಲ್ ಅಂಗಡಿಯ ಪತ್ರದಲ್ಲಿ ‘ಅವಧಿ’, ‘ವಾಯಿದೆ’, ‘ದಂಡ’

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಮ್ಮದು ಪಿವಿಸಿ ಪೈಪಿನ ಹೋಲ್‌ಸೇಲ್ ಅಂಗಡಿ. ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಸಣ್ಣ ಅಂಗಡಿಯವರು ನಮ್ಮಿಂದ ಮಾಲು ಒಯ್ಯುತ್ತಾರೆ. ಇಷ್ಟು ದಿನ 45 ದಿನ ಕಡ ಕೊಡುತ್ತಿದ್ದೆವು. ಜನವರಿ 1ರಿಂದ 30 ದಿನ ಮಾಡಬೇಕು, ತಡವಾದರೆ ವರ್ಷಕ್ಕೆ ಶೇಕಡ 18ರ ಲೆಕ್ಕದಲ್ಲಿ ಹೆಚ್ಚುವರಿ ತಗೊಳ್ಳಬೇಕು. ನಾನು ಬರೆದದ್ದು ಹೀಗೆ:

“ಇನ್ನು ಮುಂದೆ ಕಡದ ಅವಧಿ 30 ದಿನಗಳು. ತಪ್ಪಿದಲ್ಲಿ ದಂಡ ವಿಧಿಸಲಾಗುವುದು.”

ಅಪ್ಪ ಓದಿ, ಇದು ಪೊಲೀಸ್ ಠಾಣೆಯ ನೋಟಿಸಿನ ಹಾಗಿದೆ, ಇದನ್ನು ಕಳಿಸಿದರೆ ಇಪ್ಪತ್ತು ವರ್ಷದ ಗಿರಾಕಿ ನಾಳೆಯೇ ಬೇರೆ ಕಡೆ ಹೋಗ್ತಾನೆ ಅಂದರು. ‘ದಂಡ’ಕ್ಕೆ ಬೇರೆ ಮಾತು ಏನಿದೆ?

ಕುಂಬಳೆಯಿಂದ:
ದಂಡಕ್ಕಿಂತ ಮೊದಲು ‘ಅವಧಿ’ ತೆಗೀರಿ ಮಾರಾಯ್ರೇ. ನಿಮ್ಮ ಗಿರಾಕಿಗಳಲ್ಲಿ ಅರ್ಧ ಜನ ಮಲಯಾಳ ಶಾಲೆಯಲ್ಲಿ ಓದಿದವರು, ಅವರಿಗೆ ಅವಧಿ ಅಂದರೆ ಮೊದಲು ನೆನಪಾಗೋದು ರಜೆ. ‘ಅವಧಿ 30 ದಿನ’ ಅಂತ ನೋಡಿ ಅಂಗಡಿಗೆ ಒಂದು ತಿಂಗಳು ಬಾಗಿಲು ಅಂದುಕೊಂಡಾರು! ‘ವಾಯಿದೆ’ ಅನ್ನಿ. ಕೊಟ್ಟ ದಿನಗಳು ವಾಯಿದೆ, ಅದು ಮುಗಿಯುವ ತಾರೀಖು ಗಡುವು. ಎರಡನ್ನೂ ಕಲಸಬೇಡಿ.

ಉಪ್ಪಳದಿಂದ:
ಇಷ್ಟೆಲ್ಲ ಯಾಕೆ? ಸಣ್ಣ ಉದ್ಯಮಗಳ ಕಾನೂನಿನಲ್ಲೇ 45 ದಿನ ಅಂತ ಇದೆ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ‘ಕಾನೂನಿನಂತೆ’ ಅಂತ ಒಂದು ಸಾಲು ಸೇರಿಸಿ, ಮುಗೀತು.

ಪುತ್ತೂರಿನಿಂದ (ಅಂಗಡಿಗಳ ಲೆಕ್ಕ ಬರೆಯುವವಳು):
ಉಪ್ಪಳದ ಅಣ್ಣ ಹೇಳಿದ ಕಾನೂನು ಇದೆ, 2006ರದ್ದು. ಆದರೆ ಅದು ಮಾಲು ತಯಾರಿಸುವ, ಸೇವೆ ಕೊಡುವ ಸಣ್ಣ ಘಟಕಗಳಿಗೆ. ಬರೀ ಕೊಂಡು ಮಾರುವವರು ಉದ್ಯಮ್ ನೋಂದಣಿ ಮಾಡಿಸಬಹುದು, ಆದರೆ ಅದರಿಂದ ಸಿಗುವುದು ಬ್ಯಾಂಕಿನ ಆದ್ಯತಾ ಸಾಲದ ಅನುಕೂಲ ಮಾತ್ರ, ತಡಪಾವತಿಯ ಬಡ್ಡಿ ಅಲ್ಲ. ಆದ್ದರಿಂದ ಈ ಅಂಗಡಿಗೆ ಆಧಾರ ಅಂದರೆ ಗಿರಾಕಿ ಒಪ್ಪಿದ ಮಾತೇ. ಪತ್ರ ಕಳಿಸಿ ಸುಮ್ನೆ ಕೂತರೆ ಸಾಲದು, ಪ್ರತಿಯಲ್ಲಿ ‘ಒಪ್ಪಿದ್ದೇನೆ’ ಅಂತ ಸಹಿ ತಗೊಳ್ಳಿ, ಬಿಲ್ಲಿನ ಕೆಳಗೂ ಅದೇ ಷರತ್ತು ಅಚ್ಚು ಹಾಕಿಸಿ.

ನಿಮ್ಮ ಪತ್ರದಲ್ಲಿ ಜಗಳ ಹುಟ್ಟುವುದು ‘ದಂಡ’ದಿಂದ ಅಲ್ಲ, ‘ಇನ್ನು ಮುಂದೆ’ಯಿಂದ. ಡಿಸೆಂಬರ್ 20ರ ಬಿಲ್ಲಿಗೆ 30 ದಿನವೋ 45ವೋ? ನೀವು 30 ಅಂತೀರಿ, ಅವರು 45 ಅಂತಾರೆ, ಇಬ್ಬರಿಗೂ ನಿಮ್ಮ ಪತ್ರವೇ ಸಾಕ್ಷಿ. ಹಳೆ ಬಿಲ್ಲಿಗೆ ಹಳೆ ವಾಯಿದೆ ಅಂತ ಬಿಡಿಸಿ ಬರೆಯಿರಿ. ಗಿರಾಕಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ. ಇನ್ನು 30 ದಿನ ಎಲ್ಲಿಂದ ಎಣಿಸಬೇಕು? ‘ಬಿಲ್ಲಿನ ತಾರೀಖಿನಿಂದ’ ಅನ್ನದಿದ್ದರೆ, ಮಾಲು ಮುಟ್ಟಿದ ದಿನದಿಂದ ಅಂತ ಅವರು ಎಣಿಸುತ್ತಾರೆ.

ಒಂದು ಲೆಕ್ಕ ನೋಡಿ. ಜನವರಿ 1ರ ಬಿಲ್ಲು, 40,000 ರೂಪಾಯಿ. ಗಡುವು ಜನವರಿ 31. ಹಣ ಬಂದದ್ದು ಫೆಬ್ರವರಿ 20ಕ್ಕೆ, ಅಂದರೆ 20 ದಿನ ತಡ. ವರ್ಷಕ್ಕೆ ಶೇಕಡ 18ರಂತೆ ಸುಮಾರು 395 ರೂಪಾಯಿ ಆಗುತ್ತದೆ. ಆ ಹಣವೂ ಮಾಲಿನ ಬೆಲೆಗೇ ಸೇರುತ್ತದೆ ಅನ್ನುವುದು ಜಿಎಸ್‌ಟಿ ನಿಯಮ, ಪೈಪಿಗೆ ಶೇಕಡ 18 ಇರುವುದರಿಂದ ಇನ್ನೂ 71 ರೂಪಾಯಿ. ತೆರಿಗೆ ಬೇರೆ ಅಂತ ಪತ್ರದಲ್ಲಿ ಹೇಳದಿದ್ದರೆ ಆ ತೆರಿಗೆ ನಿಮ್ಮ ಕೈಯಿಂದಲೇ ಹೋದೀತು. ಯಾರಿಗಾದರೂ ಬಿಟ್ಟುಕೊಡುವುದಾದರೆ ‘ಈ ಸಲಕ್ಕೆ ಮಾತ್ರ ಬಿಟ್ಟಿದೆ’ ಅಂತ ಬರೆದೇ ಬಿಡಿ. ಇಲ್ಲದಿದ್ದರೆ ನೀವು ತಗೊಳ್ಳುವುದೇ ಇಲ್ಲ ಅಂತ ರೂಢಿ ಆಗಿಬಿಡುತ್ತದೆ.

ಪೆರ್ಲದಿಂದ:
ದಂಡಬಡ್ಡಿ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆಯಲ್ಲ? ನನ್ನ ಬೈಕಿನ ಸಾಲದಲ್ಲಿ ಎರಡು ಕಂತಿಗೆ ಹಾಕಿದ್ದರು, ಜಗಳ ಮಾಡಿ ತೆಗೆಸಿದೆ.

ಪುತ್ತೂರಿನಿಂದ:
ಅದು ಸಾಲ ಕೊಡುವ ಬ್ಯಾಂಕು, ಹಣಕಾಸು ಕಂಪೆನಿಗಳಿಗೆ. ಪೈಪಿನಂಗಡಿಗೆ ತಾಗುವುದಿಲ್ಲ.

ಕುಂಬಳೆಯಿಂದ:
ಮಾತಿನ ವಿಷಯಕ್ಕೆ ಬರೋಣ. ‘ಬಡ್ಡಿ’ ಅಂದರೆ ನಮ್ಮೂರಲ್ಲಿ ಲೇವಾದೇವಿಯವನ ನೆನಪಾಗುತ್ತದೆ, ‘ದಂಡ’ ಅಂದರೆ ಕೋರ್ಟು. ನಾನಾದರೆ ‘ತಡವಾದ ದಿನಗಳಿಗೆ ಹೆಚ್ಚುವರಿ’ ಅಂತೇನೆ. ‘ವಿಧಿಸಲಾಗುವುದು’ ಬೇಡವೇ ಬೇಡ, ಯಾರು ವಿಧಿಸುತ್ತಾರೆ ಅಂತ ಗೊತ್ತಾಗದ ಮಾತು. ‘ಸೇರಿಸುತ್ತೇವೆ’ ಅಂತ ನೇರ ಹೇಳಿ.

ಬದಿಯಡ್ಕದಿಂದ:
ಎಲ್ಲ ಸೇರಿಸಿ ಹೀಗೆ ಮಾಡಿದೆ:

“ಜನವರಿ 1ರಿಂದ ಬರೆಯುವ ಬಿಲ್ಲುಗಳಿಗೆ ವಾಯಿದೆ ಬಿಲ್ಲಿನ ತಾರೀಖಿನಿಂದ 30 ದಿನ. ಅದಕ್ಕೆ ಮೊದಲಿನ ಬಿಲ್ಲುಗಳಿಗೆ ಹಿಂದಿನಂತೆ 45 ದಿನವೇ. ಗಡುವು ದಾಟಿದರೆ ತಡವಾದ ದಿನಗಳಿಗೆ ಮಾತ್ರ ವರ್ಷಕ್ಕೆ ಶೇಕಡ 18ರಂತೆ ಹೆಚ್ಚುವರಿ ಮತ್ತು ಅದರ ಜಿಎಸ್‌ಟಿ ಸೇರಿಸುತ್ತೇವೆ. ಯಾವುದಾದರೂ ತಿಂಗಳು ಕಷ್ಟ ಇದ್ದರೆ ಗಡುವಿಗೆ ಮೊದಲೇ ಒಂದು ಫೋನ್ ಮಾಡಿ, ಮಾತಾಡೋಣ.”

ಪುತ್ತೂರಿನಿಂದ:
ಚೆನ್ನಾಗಿದೆ. ಆದರೆ ‘ಹೆಚ್ಚುವರಿ’ ಅಂದರೆ ಏನು ಅಂತ ನಾಳೆ ಯಾರಾದರೂ ಕೇಳಿದರೆ? ನಾನು ಇನ್ನೂ ‘ಬಡ್ಡಿ’ಯ ಕಡೆಗೇ ಇದ್ದೇನೆ. ಕಿವಿಗೆ ಸ್ವಲ್ಪ ಒರಟು, ಆದರೆ ಅರ್ಥದಲ್ಲಿ ಸಂಶಯ ಬರುವುದಿಲ್ಲ.

ಕುಂಬಳೆಯಿಂದ:
ಬಿಲ್ಲಿನಲ್ಲಿ ಬಡ್ಡಿ ಅಂತಲೇ ಇರಲಿ, ಪತ್ರದಲ್ಲಿ ಬೇಡ.

ಪುತ್ತೂರಿನಿಂದ:
ಎರಡು ಕಡೆ ಎರಡು ಮಾತು ಇಟ್ಟರೆ ವಕೀಲರಿಗೆ ಹಬ್ಬ ಅಲ್ವಾ?