ಲಾಗಿನ್ ಗೆರೆ ನಿಂತಿದೆ, ಫಿಟ್ ಸಿಕ್ಕಿದ ಹಾಗಾ?

ಪ್ರಶ್ನೆ (ಹುಬ್ಬಳ್ಳಿ): ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರ್ತೀವಿ, ವರ್ಷದ ದುಡ್ಡು ಮುಂಗಡ. ಜನವರಿಯಲ್ಲಿ 40 ಅಂಗಡಿ ಸೇರಿದ್ವು. ಆರನೇ ತಿಂಗಳಲ್ಲೂ 26 ಲಾಗಿನ್ ಆಗ್ತಿವೆ, ಮೂರು ತಿಂಗಳಿಂದ ಗೆರೆ ಅಲ್ಲಾಡಿಲ್ಲ. ಒಬ್ಬರೂ ಬಿಟ್ಟಿಲ್ಲ. ಪ್ರಾಡಕ್ಟ್-ಮಾರ್ಕೆಟ್ ಫಿಟ್ ಅನ್ನಬಹುದಾ?

ಒಬ್ಬರು: ಒಟ್ಟಿಗೆ ಸೇರಿದವರಲ್ಲಿ ಎಷ್ಟು ಜನ ಉಳಿದರು ಅನ್ನೋ ಕೋಹೋರ್ಟ್ ಲೆಕ್ಕ ತಿಂಗಳಿಗೊಮ್ಮೆ ಹಾಕಿದ್ರೆ ಎಲ್ಲ ಮುಚ್ಚಿಹೋಗುತ್ತೆ. ಯಾವಾಗಲೂ ವಾರದ್ದೇ ನೋಡಿ.

ಅನುಭವಿ (ಬೆಂಗಳೂರು): ವರ್ಷದ ದುಡ್ಡು ಕೊಟ್ಟವರು ಆರನೇ ತಿಂಗಳಿಗೆ ಹೇಗೆ ಬಿಡ್ತಾರೆ? ಅದು ಗೊತ್ತಾಗೋದು ಮುಂದಿನ ಜನವರಿಗೆ, ರಿನ್ಯೂವಲ್ ಹೊತ್ತಿಗೆ. ಈಗ ಅದನ್ನು ಬದಿಗಿಡಿ. ಲಾಗಿನ್ ಆಗ್ತಿರೋದು ಯಾರು, ಯಾವ ತಾರೀಖಿಗೆ? ಒಂದು ತಿಂಗಳ ಪಟ್ಟಿ ತೆಗೆದು ನೋಡಿ.

ಹುಬ್ಬಳ್ಳಿ: ನೋಡಿದೆ ಸರ್. 14 ಅಂಗಡಿಗಳಲ್ಲಿ 8ರಿಂದ 11ನೇ ತಾರೀಖಿನೊಳಗೆ ಮಾತ್ರ. ಅದೂ ಆಡಿಟರ್ ಆಫೀಸಿನ ಹುಡುಗರು.

ಅನುಭವಿ: ಹಂಗಾದ್ರೆ ಸರಿಹೋಯ್ತು. ತಿಂಗಳಿಗೊಮ್ಮೆ ಜಿಎಸ್‌ಟಿಆರ್-1 ಹಾಕೋರಿಗೆ 11 ಕೊನೇ ದಿನ. ಅಂಗಡಿಯವರು ಬಿಲ್ ಪುಸ್ತಕದಲ್ಲೇ ಬರೀತಿದ್ದಾರೆ, ಆ ಹುಡುಗ ಕೊನೆಗೆ ಎಲ್ಲ ಒಟ್ಟಿಗೆ ಹೊಡೀತಾನೆ. ನಿಮ್ಮ ಸಾಫ್ಟ್‌ವೇರ್ ಕೌಂಟರಿಗೆ ಬಂದೇ ಇಲ್ಲ. ಗಿರಾಕಿ ಎದುರಿಗಿದ್ದಾಗಲೇ ಬಿಲ್ ಹೊಡೆದದ್ದನ್ನು ಮಾತ್ರ ಎಣಿಸಿ: ತಿಂಗಳಲ್ಲಿ 15 ದಿನವಾದರೂ ಹಾಗೆ ಹೊಡೆದ ಅಂಗಡಿ ಉಳೀತು ಅಂತ ಲೆಕ್ಕ. ಹೋಲ್‌ಸೇಲ್, ಚಿಲ್ಲರೆ ಬೇರೆ ಮಾಡಿ.

ಮೈಸೂರಿನವರು: ನಮ್ಮದು ಸಂಬಳದ ಸಾಫ್ಟ್‌ವೇರ್, ತೆರೆಯೋದೇ ತಿಂಗಳಿಗೊಮ್ಮೆ. 15 ದಿನ ಅಂದ್ರೆ ನಮ್ಮ ಕಥೆ ಮುಗೀತು!

ಅನುಭವಿ: ನಿಮಗೆ ಆ ಲೆಕ್ಕ ಬೇಡ ಮೇಡಂ. ಆ ತಿಂಗಳ ಸಂಬಳ ನಿಮ್ಮಲ್ಲೇ ಆಯ್ತಾ ಅಂತ ನೋಡಿ, ಸಾಕು. ವಾರದ ಕೋಹೋರ್ಟ್ ಹಾಕಿದ್ರೆ ನಿಮ್ಮ ಒಳ್ಳೇ ಗಿರಾಕಿಯೂ ಮೂರು ವಾರ ಸತ್ತವನ ಹಾಗೆ ಕಾಣ್ತಾನೆ.

ಹುಬ್ಬಳ್ಳಿ: ಎರಡನೇ ತಿಂಗಳಿಂದ ಆರರವರೆಗೆ, ಹೋಲ್‌ಸೇಲ್ 12ರಲ್ಲಿ 11, 10, 10, 10, 10. ಚಿಲ್ಲರೆ 28ರಲ್ಲಿ 14, 8, 5, 3, 2.

ಅನುಭವಿ: ಎರಡನ್ನೂ ಕೂಡಿಸಿ ನೋಡಿ: 25, 18, 15, 13, 12. ಗೆರೆ ನಿಲ್ತಾ ಇದೆ ಅನ್ನಿಸುತ್ತೆ, ಅಲ್ವಾ? ಚಿಲ್ಲರೆಯವರು ಖಾಲಿಯಾಗ್ತಾ ಬಂದಿದ್ದಾರೆ, ಅದಕ್ಕೇ ಇಳಿತ ಕಮ್ಮಿ. ನಿಜವಾಗಿ ನಿಂತಿರೋದು ಹೋಲ್‌ಸೇಲ್ ಗೆರೆ ಒಂದೇ. ಆದರೂ 12 ಅಂಗಡಿ ನಂಬಿ ಕುಣಿಯಬೇಡಿ, ಒಂದು ಅಂಗಡಿ ಬಿಟ್ಟರೆ ಶೇ. 8 ಹೋಗುತ್ತೆ. ಫೆಬ್ರವರಿಯಲ್ಲಿ ಸೇರಿದ ಹೋಲ್‌ಸೇಲೂ ಅಷ್ಟಕ್ಕೇ ನಿಂತಿದೆಯಾ?

ಹುಬ್ಬಳ್ಳಿ: 9ರಲ್ಲಿ 7 ನಿಂತಿವೆ. ಆದ್ರೆ ಮೂರು ಅಂಗಡಿಗೆ ನಮ್ಮ ಹುಡುಗ ಪ್ರತಿ ಶನಿವಾರ ಹೋಗಿ ಸ್ಟಾಕ್ ಸರಿಮಾಡಿ ಬರ್ತಾನ್ರೀ. ಅವನ್ನೂ ಎಣಿಸಬೇಕಾ?

ಅನುಭವಿ: ನಾನಾದ್ರೆ ಬಿಡ್ತೀನಿ. ಒಂದು ತಿಂಗಳು ಅವನನ್ನು ಕಳಿಸಬೇಡಿ, ಬಿಲ್ ನಿಲ್ಲುತ್ತಾ ನೋಡಿ.

ಮೈಸೂರಿನವರು: ನಾನು ಒಪ್ಪಲ್ಲ. ಹುಡುಗನ ಖರ್ಚು ಬೆಲೆಯಲ್ಲೇ ಸೇರಿದ್ರೆ ಅದೂ ಪ್ರಾಡಕ್ಟೇ. ನಮ್ಮಲ್ಲಿ ಮೊದಲ ಮೂರು ಸಂಬಳ ನಾವೇ ಕೂತು ಮಾಡಿಸ್ತೀವಿ.

ಅನುಭವಿ: ಮೂರಕ್ಕೆ ನಿಲ್ಲಿಸ್ತೀರಲ್ಲ ನೀವು. ಇವರ ಹುಡುಗ ಐದು ತಿಂಗಳಿಂದ ಹೋಗ್ತಿದ್ದಾನೆ.