ಅಪ್‌ಡೇಟ್: ಟ್ರಯಲ್ ಮೇಕಪ್ ದುಡ್ಡು ವಾಪಸ್ ಕೇಳಿದ ಮದುಮಗಳು

ನನ್ನ ಪ್ರಶ್ನೆ: "ಟ್ರಯಲ್ ಮೇಕಪ್ ಹಿಡಿಸಲಿಲ್ಲ, ಪೂರ್ತಿ ದುಡ್ಡು ವಾಪಸ್ ಕೊಡಿ ಅಂತಿದ್ದಾರೆ. ಏನ್ಮಾಡ್ಲಿ?"

ಅರ್ಧ ದುಡ್ಡು ಕೊಟ್ಟು ಮುಗಿಸಿ ಅಂದಿದ್ರಲ್ಲ, ಅದು ನಡೀಲಿಲ್ಲ. ಅವರಮ್ಮ ಇನ್ನೂ ರೇಗಿದ್ರು. "ಯಾವ ಫೋಟೋ ನೋಡಿ ಬೇಜಾರಾಯ್ತು ಅಂತ ಕೇಳಿ" ಅಂದ ಅಕ್ಕನಿಗೆ ಥ್ಯಾಂಕ್ಸ್. ಕಳಿಸಿದ್ದೆಲ್ಲ ರಾತ್ರಿ ಫ್ಲ್ಯಾಶ್ ಹಾಕಿ ತೆಗೆದಿದ್ದು: ಕಣ್ಣಿನ ಕೆಳಗೆ, ಮೂಗಿನ ಮೇಲೆ ಬೆಳ್ಳಗೆ, ಕತ್ತು ಮಾತ್ರ ಮಾಮೂಲಿ ಬಣ್ಣ. ಸಿಲಿಕಾ ಇರೋ ಬಿಳಿ ಸೆಟ್ಟಿಂಗ್ ಪೌಡರ್ ಜಾಸ್ತಿಯಾದ್ರೆ ಫ್ಲ್ಯಾಶ್ ಬೆಳಕನ್ನ ಹಾಗೇ ವಾಪಸ್ ಎಸೆಯುತ್ತಂತೆ, ಕನ್ನಡಿಯಲ್ಲಿ ಗೊತ್ತೇ ಆಗಲ್ಲ!

ಅವರನ್ನ ಮತ್ತೆ ಕರೆಸಿ ಅರ್ಧ ಮುಖಕ್ಕೆ ಅದೇ ಪೌಡರ್, ಇನ್ನರ್ಧಕ್ಕೆ ಚರ್ಮದ ಬಣ್ಣದ್ದು ತೆಳುವಾಗಿ ಹಚ್ಚಿ, ಅವರದೇ ಫೋನಲ್ಲಿ ಫ್ಲ್ಯಾಶ್ ಹಾಕಿ ತೋರಿಸಿದೆ. ರಿಫಂಡ್ ಮಾತು ಅಲ್ಲಿಗೇ ನಿಂತುಹೋಯ್ತು. ಟ್ರಯಲ್ ದುಡ್ಡನ್ನ ಮದುವೆ ಬಿಲ್ಲಲ್ಲಿ ಮುರ್ಕೋತೀನಿ ಅಂದಿದ್ದೀನಿ. ರಿಸೆಪ್ಷನ್ನು, ಧಾರೆ ಎರಡಕ್ಕೂ ಬುಕ್ಕಿಂಗ್ ಹಾಗೇ ಇದೆ.