ರೀಟ್‌ನಿಂದ ಬಾಡಿಗೆ ತರ ಆದಾಯ: ತಗೊಂಡಿರೋರು ಅನುಭವ ಹೇಳಿ

ಕ್ಯಾತ್ಸಂದ್ರ ಕಿರಣ: ಅಪ್ಪ ರಿಟೈರ್ ಆಗಿ ಬಂದಿರೋ ದುಡ್ಡಲ್ಲಿ 12 ಲಕ್ಷ ಪಕ್ಕಕ್ಕಿಟ್ಟಿದೀವಿ. ಇರೋ ಮನೆ ಮೇಲೆ ಒಂದು ಫ್ಲೋರ್ ಹಾಕಿ ಬಾಡಿಗೆಗೆ ಬಿಡೋಣ ಅಂತಾರೆ ಅಮ್ಮ. ರೀಟ್ ಅಂದ್ರೆ ದೊಡ್ಡ ಆಫೀಸ್, ಮಾಲ್ ಬಿಲ್ಡಿಂಗ್‌ಗಳ ಬಾಡಿಗೆನ ಯೂನಿಟ್ ಇಟ್ಕೊಂಡಿರೋರಿಗೆ ಹಂಚೋದು, ಯೂನಿಟ್ ಶೇರ್ ತರ ಮಾರ್ಕೆಟಲ್ಲಿ ಸಿಗತ್ತೆ, ಅದನ್ನ ತಗೊಂಡ್ರೆ ಕೂತಲ್ಲೇ ಬಾಡಿಗೆ ಬರತ್ತೆ ಅಂತ ನಾನು. ತಗೊಂಡಿರೋರು ನಿಜವಾಗ್ಲೂ ಕೈಗೆ ಎಷ್ಟು ಬರತ್ತೆ ಹೇಳಿ.

ಬಟವಾಡಿ ಬಸು: ಬಾಡಿಗೆ ಬಾಡಿಗೆ ಅಂತ ಎಲ್ಲಾ ಹೇಳ್ತಾರೆ, ಅಸಲಿನ ಕತೆ ಯಾರೂ ಹೇಳಲ್ಲ. ನಾನು 2022ರಲ್ಲಿ ಒಂದು ಆಫೀಸ್ ರೀಟ್ 500 ಯೂನಿಟ್ 371ರ ಹಾಗೆ ತಗೊಂಡೆ, 1,85,500 ಹೋಯ್ತು, ಬ್ರೋಕರೇಜ್ ಬೇರೆ. ಮೂರು ತಿಂಗಳಿಗೊಂದ್ಸಲ ಯೂನಿಟ್‌ಗೆ ಐದೂವರೆ ಹತ್ರ ಬರ್ತಿತ್ತು, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಆ ವರ್ಷ ಮೇನಿಂದ ಮುಂದಿನ ಫೆಬ್ರವರಿ ಒಳಗೆ ಆರ್‌ಬಿಐ ಬ್ಯಾಂಕ್‌ಗಳಿಗೆ ಸಾಲ ಕೊಡೋ ರೆಪೋ ಬಡ್ಡಿ 4ರಿಂದ ಆರೂವರೆಗೆ ಹೋಯ್ತು, ಬ್ಯಾಂಕ್ ಎಫ್‌ಡಿನೇ ಏಳರ ಮೇಲೆ ಕೊಡೋಕೆ ಶುರು ಮಾಡ್ತು, ಆರು ಪರ್ಸೆಂಟ್ ಕೊಡೋ ರೀಟ್ ಯಾರಿಗೆ ಬೇಕು? ರೇಟು ಇಳೀತಾನೇ ಹೋಯ್ತು. ಅಮ್ಮನ ಆಪರೇಷನ್‌ಗೆ ದುಡ್ಡು ಬೇಕಾಗಿ 305ಕ್ಕೆ ಕೊಟ್ಟೆ. ಅಸಲಲ್ಲಿ 33 ಸಾವಿರ ಹೋಯ್ತು, ಅಷ್ಟೊತ್ತಿಗೆ ಕೈಗೆ ಬಂದಿದ್ದು 15 ಸಾವಿರದ ಹತ್ರ. ಆಮೇಲೆ ಏರ್ತಲ್ಲ ಅಂತ ಯಾರೂ ಹೇಳೋಕೆ ಬರ್ಬೇಡಿ, ಆಸ್ಪತ್ರೆ ಬಿಲ್ಲು ಮಾರ್ಕೆಟ್ ಏರೋವರೆಗೂ ಕಾಯಲ್ಲ.

ಎಸ್‌ಎಸ್ ಪುರಂ ಸುಮಾ: ಅಮ್ಮನ ಮಾತು ಕೇಳಿ ಕಿರಣ್. ನಾವು 2023ರಲ್ಲಿ ಮೇಲೆ ಎರಡು ಒನ್ ಬಿಎಚ್‌ಕೆ ಹಾಕಿದ್ವಿ. ಮೇಸ್ತ್ರಿ ಹೇಳಿದ್ದು 16 ಲಕ್ಷ, ಮುಗಿಯೋಷ್ಟರಲ್ಲಿ 21 ಲಕ್ಷ 40 ಸಾವಿರ. ಎಲ್ಲಿ ಹೋಯ್ತು ಅಂದ್ರೆ, ಕಬ್ಬಿಣ ಮಧ್ಯದಲ್ಲಿ ಏರ್ತು, ಮೆಟ್ಟಿಲು ಹೊರಗಡೆಯಿಂದ ಹಾಕ್ಬೇಕಾಯ್ತು ಅದಕ್ಕೇ 1 ಲಕ್ಷ 60 ಸಾವಿರ, ಎರಡು ಹೊಸ ಮೀಟರ್‌ಗೆ ಡಿಪಾಸಿಟ್ಟು ಮತ್ತೆ ಲೈನ್‌ಮ್ಯಾನ್ ಓಡಾಟ, ಓವರ್‌ಹೆಡ್ ಟ್ಯಾಂಕ್ ಇನ್ನೊಂದು, ಹೇಮಾವತಿ ನೀರು ಬರೋದು ವಾರಕ್ಕೆ ಇಷ್ಟೇ ಅಂತ ಸಂಪ್ ಬೇರೆ ದೊಡ್ಡದು ಮಾಡಿಸಿದ್ವಿ. ಈಗ 8,500 ಒಂದೊಂದಕ್ಕೆ. ವರ್ಷಕ್ಕೆ 2 ಲಕ್ಷ 4 ಸಾವಿರ, ಖಾಲಿ ಬಿದ್ದಿದ್ದು, ಪೇಂಟು, ಮೋಟಾರ್ ರಿಪೇರಿ ಎಲ್ಲಾ ಕಳೆದು ಒಂದು ಮುಕ್ಕಾಲು ಲಕ್ಷ ನಿಲ್ಲತ್ತೆ. ರಾತ್ರಿ ರೇಟ್ ನೋಡ್ಕೊಂಡು ಎದೆ ಹಿಡ್ಕೊಳ್ಳೋ ಕೆಲಸ ಇಲ್ಲ.

ಕೋಲಾರ ಪ್ರವೀಣ: ಸುಮಾ ಮೇಡಂ, ರಾತ್ರಿ ಮೋಟಾರ್ ಕೆಟ್ರೆ ಯಾರು ಎದ್ದು ಹೋಗೋದು? ನಾನು 2019ರಿಂದ ರೀಟ್‌ನಲ್ಲಿದೀನಿ, ಅವಾಗ 2 ಲಕ್ಷಕ್ಕಿಂತ ಕಮ್ಮಿಗೆ ಅರ್ಜಿನೇ ಹಾಕೋಂಗಿರ್ಲಿಲ್ಲ, ಯೂನಿಟ್ 300ಕ್ಕೆ ಬಂತು ಎಂಬಸಿ ಅನ್ನೋ ರೀಟ್, ಇವತ್ತಿಗೂ ಮಾರಿಲ್ಲ. ಈಗ ಒಂದೇ ಯೂನಿಟ್ ಬೇಕಾದ್ರೂ ತಗೋಬೋದು, ನಿಮ್ಗೆಲ್ಲ ಅದರ ಬೆಲೆ ಗೊತ್ತಿಲ್ಲ. ಮಾನ್ಯತಾ ಟೆಕ್ ಪಾರ್ಕ್ ಬಾಡಿಗೆ ನಮ್ಮ ಅಕೌಂಟ್‌ಗೆ ಬರತ್ತೆ, ಬಾಡಿಗೆಯಲ್ಲಿ 90 ಪರ್ಸೆಂಟ್ ಕೊಡ್ಲೇಬೇಕು ಅಂತ ಸೆಬಿ ರೂಲ್ ಇದೆ, ಅದೂ ಪೂರ್ತಿ ಟ್ಯಾಕ್ಸ್ ಫ್ರೀ. ಬಸು ಅವರೇ, ಒಂದೂವರೆ ವರ್ಷದಲ್ಲಿ ಬೇಕಾಗೋ ದುಡ್ಡನ್ನ ರೀಟ್‌ಗೆ ಹಾಕಿ ರೀಟ್ ಬೈದ್ರೆ ಹೆಂಗೆ.

ಬಟವಾಡಿ ಬಸು: ಅಮ್ಮಂಗೆ ಯಾವಾಗ ಹುಷಾರು ತಪ್ಪತ್ತೆ ಅಂತ ನಿಮ್ಮನ್ನ ಕೇಳ್ಕೊಂಡು ಹಾಕ್ಬೇಕಿತ್ತಾ? ಮಾತು ನೋಡ್ಕೊಂಡು ಆಡಿ.

ಅರ್ಚನಾ, ಚಿಕ್ಕಬಳ್ಳಾಪುರ: ನಾನು ಆಡಿಟರ್ ಆಫೀಸಲ್ಲಿ ಇರೋದು, ರೀಟ್ ಇಟ್ಕೊಂಡಿರೋರ ರಿಟರ್ನ್ ನನ್ನ ಟೇಬಲ್‌ಗೇ ಬರತ್ತೆ, ನನ್ನ ಹತ್ರನೂ ಇದೆ. ಪ್ರವೀಣ್ ಸರ್ ಹೇಳಿದ್ದರಲ್ಲಿ ಎರಡು ಸರಿ ಇಲ್ಲ. 90 ಪರ್ಸೆಂಟ್ ಬಾಡಿಗೆಯದ್ದಲ್ಲ, ಬಿಲ್ಡಿಂಗ್ ಖರ್ಚು, ಮ್ಯಾನೇಜರ್ ಫೀಸು, ಸಾಲದ ಬಡ್ಡಿ ಎಲ್ಲಾ ಕಳೆದು ಹಂಚೋಕೆ ಉಳಿಯೋ ಕ್ಯಾಶ್‌ನದ್ದು. ಅದಕ್ಕೇ ಬಡ್ಡಿ ರೇಟ್ ಏರಿದಾಗ ಎರಡು ಕಡೆಯಿಂದ ಹೊಡೆತ, ರೀಟ್‌ನ ಸ್ವಂತ ಸಾಲನೂ ದುಬಾರಿ ಆಗತ್ತೆ, ಬಸು ಸರ್ ಹೇಳಿದ ಹಾಗೆ ಎಫ್‌ಡಿ ಕಡೆ ಜನನೂ ಹೋಗ್ತಾರೆ.

ಇನ್ನು ಟ್ಯಾಕ್ಸ್. ಬರೋ ದುಡ್ಡು ಒಂದೇ ತರದ್ದಲ್ಲ. ನನ್ನ ಲೆಕ್ಕನೇ ದುಂಡು ಮಾಡಿ ಹೇಳ್ತೀನಿ. 400 ಯೂನಿಟ್, 350ಕ್ಕೆ ತಗೊಂಡಿದ್ದು, 1,40,000. ವರ್ಷಕ್ಕೆ ಯೂನಿಟ್‌ಗೆ 22 ಅಂತ ಇಟ್ಕೊಂಡ್ರೆ 8,800 ಬಂತು. ರೀಟ್ ತನ್ನ ಕೆಳಗಿರೋ ಬಿಲ್ಡಿಂಗ್ ಕಂಪನಿಗಳಿಗೆ ಸಾಲ ಕೊಟ್ಟಿರತ್ತೆ, ಅದನ್ನ ಬಿಡಿಸಿ ನೋಡಿದ್ರೆ 5 ರೂಪಾಯಿ ಆ ಸಾಲದ ಬಡ್ಡಿ, 8 ಡಿವಿಡೆಂಡ್, 9 ಆ ಸಾಲದ ಮರುಪಾವತಿ. ಬಡ್ಡಿಯ 2,000 ನಮ್ಮ ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್, ಅದರಲ್ಲಿ 200 ಟಿಡಿಎಸ್ ಮೊದಲೇ ಹಿಡ್ಕೊಂಡಿರ್ತಾರೆ, ಎಷ್ಟು ಕಮ್ಮಿ ಮೊತ್ತ ಆದ್ರೂ ಹಿಡೀತಾರೆ. ಡಿವಿಡೆಂಡ್‌ನ 3,200ಕ್ಕೆ ಟ್ಯಾಕ್ಸ್ ಇಲ್ಲ, ಆದ್ರೆ ಅದು ರೀಟ್ ಕೆಳಗಿರೋ ಕಂಪನಿ ಕಡಿಮೆ ಟ್ಯಾಕ್ಸ್ ರೇಟ್‌ಗೆ ಹೋಗಿಲ್ಲದಿದ್ರೆ ಮಾತ್ರ, ಹೋಗಿದ್ರೆ ಅದೂ ನಮ್ಮ ಸ್ಲ್ಯಾಬ್‌ಗೇ. ಮರುಪಾವತಿಯ 3,600ಕ್ಕೆ ಈ ವರ್ಷ ಟ್ಯಾಕ್ಸ್ ಇಲ್ಲ, ಆದ್ರೆ ನಾನು ಕೊಂಡ ಬೆಲೆಯಿಂದ ಕಳೀಬೇಕು. 350 ಅನ್ನೋದು 341 ಆಯ್ತು. ನಾಳೆ 400ಕ್ಕೆ ಮಾರಿದ್ರೆ ಲಾಭ 50 ಅಲ್ಲ, 59. ಹಿಂಗೆ ವರ್ಷ ವರ್ಷ ಇಳೀತಾ ಹೋಗತ್ತೆ. 2023ರ ಏಪ್ರಿಲ್‌ಗೆ ಮುಂಚೆ ಆ ಭಾಗಕ್ಕೆ ಎಲ್ಲೂ ಲೆಕ್ಕನೇ ಇರ್ಲಿಲ್ಲ, ಪ್ರವೀಣ್ ಸರ್ ಟ್ಯಾಕ್ಸ್ ಫ್ರೀ ಅಂತಿರೋದು ಬಹುಶಃ ಆ ಕಾಲದ್ದು.

ಕೋಲಾರ ಪ್ರವೀಣ: ಮೂರು ಸಾವಿರಕ್ಕೆ ಇಷ್ಟೊಂದು ಲೆಕ್ಕ. ವರ್ಷಕ್ಕೆ ಒಂದೂಕಾಲು ಲಕ್ಷದವರೆಗೂ ಲಾಂಗ್ ಟರ್ಮ್ ಲಾಭಕ್ಕೆ ಟ್ಯಾಕ್ಸೇ ಇಲ್ವಲ್ಲ, 59 ಆದ್ರೇನು 50 ಆದ್ರೇನು.

ಅರ್ಚನಾ, ಚಿಕ್ಕಬಳ್ಳಾಪುರ: 400 ಯೂನಿಟ್‌ಗೆ ಸರಿ. 12 ಲಕ್ಷ ಹಾಕಿ ಹತ್ತು ವರ್ಷ ಇಟ್ಕೊಂಡು ಒಂದೇ ಸಲ ಮಾರಿದ್ರೆ ಸರಿ ಹೋಗಲ್ಲ ಸರ್, ಮಿತಿ ದಾಟಿದ್ದಕ್ಕೆ ಹನ್ನೆರಡೂವರೆ ಪರ್ಸೆಂಟ್. ಮತ್ತೆ ಕಿರಣ್, ನಿಮ್ಮಪ್ಪಂಗೆ ಟ್ಯಾಕ್ಸ್ ಬರಲ್ಲ ಅಂದ್ರೂ ಆ ಟಿಡಿಎಸ್ ವಾಪಸ್ ಬೇಕಾದ್ರೆ ರಿಟರ್ನ್ ಹಾಕ್ಬೇಕು, ಅದೂ ಐಟಿಆರ್ 1 ಅಲ್ಲ, 2. ರೀಟ್‌ನವರು ಯಾವ ಭಾಗ ಎಷ್ಟು ಅಂತ ಬಿಡಿಸಿ ಕೊಡೋ ಫಾರ್ಮ್ ನೋಡ್ಕೊಂಡು ಆ ರಿಟರ್ನ್‌ನಲ್ಲಿರೋ ಪಿಟಿಐ ಅನ್ನೋ ಪಟ್ಟಿ ತುಂಬ್ಬೇಕು. ಬ್ಯಾಂಕಿಗೆ ಬಂದ ಮೊತ್ತ ನೋಡಿ ಎಲ್ಲಾ ಡಿವಿಡೆಂಡ್ ಅಂತ ಹಾಕಿ, ಆಮೇಲೆ ನೋಟಿಸ್ ಹಿಡ್ಕೊಂಡು ನಮ್ಮ ಆಫೀಸ್‌ಗೆ ಬಂದೋರು ಇದಾರೆ.

ವೇಮಗಲ್ ನಾಗಣ್ಣ: ನಮ್ಮ ಭಾವ ಬೆಂಗಳೂರಲ್ಲಿ ಇದೇ ರೀಟ್‌ಗೆ ಒಂದು ಆ್ಯಪಲ್ಲಿ 25 ಲಕ್ಷ ಹಾಕವ್ರೆ, ಒಂದು ಆಫೀಸ್ ಬಿಲ್ಡಿಂಗಲ್ಲಿ ಪಾಲು ಅಂತ. ಬಾಡಿಗೆದಾರ ಕಂಪನಿ ಖಾಲಿ ಮಾಡ್ಕೊಂಡು ಹೋಯ್ತು, ಬಾಡಿಗೆ ನಿಂತೋಯ್ತು, ಮಾರೋಣ ಅಂದ್ರೆ ಗಿರಾಕಿ ಇಲ್ಲ. ದಯವಿಟ್ಟು ಯಾರೂ ಹಾಕ್ಬ್ಯಾಡ್ರಪ್ಪ.

ಅರ್ಚನಾ, ಚಿಕ್ಕಬಳ್ಳಾಪುರ: ನಾಗಣ್ಣ ಅವರೇ, ಅದು ಇದಲ್ಲ. ಅದು ಒಂದೇ ಬಿಲ್ಡಿಂಗನ್ನ ಪಾಲು ಹಾಕಿ ಮಾರೋದು. ಅಂಥವುಗಳಿಗೆ ಸೆಬಿ 2024ರಲ್ಲಿ ಸಣ್ಣ ರೀಟ್ ಅಂತ ಬೇರೆ ರೂಲ್ ತಂತು, ಅದಕ್ಕೆ ಕಮ್ಮಿ ಅಂದ್ರೂ 10 ಲಕ್ಷ ಬೇಕು. ಕಿರಣ್ ಕೇಳ್ತಿರೋದು ಎಂಬಸಿ, ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್, ನೆಕ್ಸಸ್ ತರದ್ದು, ಹತ್ತಾರು ಬಿಲ್ಡಿಂಗ್, ನೂರಾರು ಬಾಡಿಗೆದಾರರು, ಎಕ್ಸ್‌ಚೇಂಜಲ್ಲಿ ಅವತ್ತೇ ಮಾರ್ಬೋದು, ಸಿಗೋ ರೇಟ್ ಯಾವುದು ಅನ್ನೋದು ಬೇರೆ ಮಾತು. ಆದ್ರೆ ಖಾಲಿ ಬೀಳೋ ಭಯ ಇಲ್ಲೂ ಇದೆ. ಕೋವಿಡ್ ಆದ್ಮೇಲೆ ಎಸ್‌ಇಝಡ್, ಅಂದ್ರೆ ವಿಶೇಷ ಆರ್ಥಿಕ ವಲಯದ ಒಳಗಿನ ಜಾಗ ಯಾರಿಗೂ ಬೇಡ ಆಗಿತ್ತು, ಅಲ್ಲಿಗೆ ಹೊಸದಾಗಿ ಬರೋ ಕಂಪನಿಗಳಿಗೆ ಟ್ಯಾಕ್ಸ್ ಅನುಕೂಲ ಮುಗಿದಿತ್ತಲ್ಲ. 2023ರ ಡಿಸೆಂಬರ್‌ನಲ್ಲಿ ಫ್ಲೋರ್ ಲೆಕ್ಕದಲ್ಲಿ ಎಸ್‌ಇಝಡ್‌ನಿಂದ ಹೊರಗೆ ತರೋಕೆ ಸರ್ಕಾರ ಬಿಟ್ಟ ಮೇಲೆ ಆ ಜಾಗಕ್ಕೆ ಬಾಡಿಗೆದಾರರು ಹುಡುಕೋದು ಸುಲಭ ಆಯ್ತು. ತಗೊಳ್ಳೋಕೆ ಮುಂಚೆ ಮೂರು ತಿಂಗಳ ರಿಸಲ್ಟ್‌ನಲ್ಲಿ ಎಷ್ಟು ಪರ್ಸೆಂಟ್ ಜಾಗ ತುಂಬಿದೆ, ಹಂಚಿದ್ದರಲ್ಲಿ ಬಡ್ಡಿ ಎಷ್ಟು ಮರುಪಾವತಿ ಎಷ್ಟು, ಇವೆರಡನ್ನ ನಾನು ಮೊದಲು ನೋಡೋದು.

ವೇಮಗಲ್ ನಾಗಣ್ಣ: ಏನೋ ಒಂದು, ಕಣ್ಣಿಗೆ ಕಾಣೋದಲ್ಲ ತಾನೆ. ನಾನು ನರಸಾಪುರ ಹತ್ರ ಕಂಪನಿ ಹುಡುಗರಿಗೆ ಅಂತ ಎಂಟು ರೂಂ ಹಾಕಿದೀನಿ, ಶೀಟ್ ಮನೆ. 1,250 ಅಡಿ ಬೋರ್ ಕೊರೆಸ್ದೆ, ಒಂದಿಂಚು ನೀರು. ಕಂಟ್ರಾಕ್ಟ್ ಹುಡುಗರನ್ನ ತೆಗೆದಾಗ ಆರು ರೂಂ ಒಂದೇ ತಿಂಗಳಲ್ಲಿ ಖಾಲಿ, ಮತ್ತೆ ತುಂಬ್ತು. ಜಾಗ ಎಲ್ಲೂ ಓಡೋಗಲ್ಲ.

ಕೋಲಾರ ಪ್ರವೀಣ: ಆರು ರೂಂ ಒಂದೇ ತಿಂಗಳಲ್ಲಿ ಖಾಲಿ ಆಗಿದ್ದನ್ನ ನೀವೇ ಹೇಳ್ತಿದೀರ. ನಾನು ಹೇಳೋದೂ ಅದೇ, ಒಂದೇ ಏರಿಯಾ, ಒಂದೇ ಕಂಪನಿ ನಂಬ್ಕೊಂಡು ಕೂರೋದು. ಆಮೇಲೆ ಕೆಸಿ ವ್ಯಾಲಿ ನೀರು ಕೆರೆಗೆ ಬಂದ್ಮೇಲೂ 1,250 ಅಡಿನಾ? ನಮ್ಮ ಕಡೆ ಬತ್ತಿದ್ದ ಬೋರೆಲ್ಲ ಮೇಲಕ್ಕೆ ಬಂದಿದಾವೆ.

ವೇಮಗಲ್ ನಾಗಣ್ಣ: ನಿಮ್ಮ ಕೆರೆಗೆ ಬಂದಿರ್ಬೋದು, ನಮ್ಮ ಕೆರೆಗೆ ಬಂದಿಲ್ಲ. ಬಂದ್ರೂ ಆ ನೀರು ಕುಡಿಯೋಕಾಗತ್ತಾ? ಬೆಂಗಳೂರಿನ ಕೊಳಚೆನ ಎರಡು ಸಲ ಸೋಸಿ ಬಿಡೋದು, ಮೂರನೇ ಸಲ ಸೋಸಿ ಅಂತ ಎಷ್ಟು ವರ್ಷದಿಂದ ಬಾಯ್ ಬಡ್ಕೊತಿದೀವಿ.

ಕೋಲಾರ ಪ್ರವೀಣ: ಕುಡಿಯೋಕಲ್ಲ ಅದು, ಅಂತರ್ಜಲಕ್ಕೆ. ಟೊಮ್ಯಾಟೊ ಬೆಳೆಯೋರನ್ನ ಕೇಳಿ ಹೋಗಿ.

ಎಸ್‌ಎಸ್ ಪುರಂ ಸುಮಾ: ಇಲ್ಲಿ ನೀರಿನ ಜಗಳ ಯಾಕೆ. ಅರ್ಚನಾ ಅವರೇ, ನಮ್ಮದು 21.4 ಲಕ್ಷಕ್ಕೆ 1.75 ಅಂದ್ರೆ ಎಂಟರ ಮೇಲೆ. ರೀಟ್ ಆರು. ಸರಿನಾ ತಪ್ಪಾ?

ಕೋಲಾರ ಪ್ರವೀಣ: ಜಾಗದ ಬೆಲೆ ಸೇರಿಸಿ ಮೇಡಂ. ಎಸ್‌ಎಸ್ ಪುರಂ ಸೈಟು ಪುಕ್ಕಟೆ ಬಂತಾ?

ಅರ್ಚನಾ, ಚಿಕ್ಕಬಳ್ಳಾಪುರ: ಪ್ರವೀಣ್ ಸರ್, ಹೊಸದಾಗಿ ಸೈಟ್ ತಗೊಂಡು ಕಟ್ಟೋರಿಗೆ ನಿಮ್ಮ ಮಾತು ಸರಿ. ಇರೋ ಮನೆ ಮೇಲೆ ಕಟ್ಟೋರು ಜಾಗಕ್ಕೆ ಹೊಸದಾಗಿ ಏನೂ ಕೊಡ್ತಿಲ್ಲ, ಅದಕ್ಕೆ ಸುಮಾ ಅವರ ಎಂಟು ಸರಿನೇ. ಮೇಲಾಗಿ ಮನೆ ಬಾಡಿಗೆಯಲ್ಲಿ 30 ಪರ್ಸೆಂಟ್ ಖರ್ಚಾಗ್ಲಿ ಬಿಡ್ಲಿ ಕಳೆದೇ ಟ್ಯಾಕ್ಸ್ ಹಾಕೋದು, ರೀಟ್ ಬಡ್ಡಿಗೆ ಆ ಅನುಕೂಲ ಇಲ್ಲ. ಆದ್ರೆ ಕಟ್ಟಡ ಹಳೇದಾಗತ್ತೆ, ಆ ಎಂಟರಲ್ಲಿ ಅದನ್ನ ಕಳೆದಿಲ್ಲ. ಆಫೀಸ್ ಬಾಡಿಗೆ ಅಗ್ರಿಮೆಂಟ್‌ನಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೆ 15 ಪರ್ಸೆಂಟ್ ಏರಿಕೆ ಬರೆದಿರ್ತಾರೆ, ಸುಮಾ ಅವರೇ ನಿಮ್ಮ 8,500 ಈ ಮೂರು ವರ್ಷಕ್ಕೆ 9,800 ಹತ್ರ ಹೋಗತ್ತಾ?

ಎಸ್‌ಎಸ್ ಪುರಂ ಸುಮಾ: 9,000 ಕೇಳಿದ್ದಕ್ಕೇ ಒಬ್ಬರು ಖಾಲಿ ಮಾಡ್ತೀವಿ ಅಂದ್ರು. ಒಳ್ಳೆ ಜನ, ಅದಕ್ಕೆ ಸುಮ್ನಾದ್ವಿ.

ಕ್ಯಾತ್ಸಂದ್ರ ಕಿರಣ: ಎಲ್ಲಾರಿಗೂ ಥ್ಯಾಂಕ್ಸ್. ಸುಮಾ ಅಕ್ಕ, ನಮ್ದೂ ಮೆಟ್ಟಿಲು ಒಳಗಡೆನೇ ಇರೋದು. ಒಂದೇ ಒನ್ ಬಿಎಚ್‌ಕೆ ಹಾಕಿದ್ರೆ 12 ಲಕ್ಷದೊಳಗೆ ಆಗತ್ತಾ? ನಿಮ್ಮ ಮೇಸ್ತ್ರಿ ನಂಬರ್ ಮೆಸೇಜ್ ಮಾಡ್ತೀರಾ?

ಎಸ್‌ಎಸ್ ಪುರಂ ಸುಮಾ: ನಂಬರ್ ಕೊಡ್ತೀನಿ. ಹೊರಗಡೆ ಮೆಟ್ಟಿಲು ಸೇರಿದ್ರೆ 12ರಲ್ಲಿ ಕಷ್ಟ ಕಣಪ್ಪ, ಮೊದಲು ಪಿಲ್ಲರ್ ಇನ್ನೊಂದು ಫ್ಲೋರ್ ತಡೆಯತ್ತಾ ಅಂತ ಎಂಜಿನಿಯರ್ ಹತ್ರ ತೋರಿಸಿ.

ಬಟವಾಡಿ ಬಸು: ಏನೇ ಮಾಡಿ, ಪೂರ್ತಿ 12 ಹಾಕ್ಬೇಡಿ, ಅಪ್ಪನ ಆಸ್ಪತ್ರೆಗೆ ಅಂತ ಎರಡು ಲಕ್ಷ ಎಫ್‌ಡಿಲಿ ಇಟ್ಟಿರಿ.

ಕೋಲಾರ ಪ್ರವೀಣ: ನಾಗಣ್ಣ, ಯಾವ ಕೆರೆ ಅಂತ ಹೇಳಿ, ನಾನೇ ಬಂದು ನೋಡ್ತೀನಿ.